ಉಸಿರು ಬಿಡಲು ಕಲಿತ ಬೆಳಿಗ್ಗೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಮುಂಬೈ ಬಳಿಯ ಡೊಂಬಿವಲಿಯ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಅದು ಒಗ್ಗುವುದಿಲ್ಲವೆಂದು ಗೊತ್ತು. ಬೆಳಗ್ಗೆ ಏಳಕ್ಕೆ ಬರುವವರೆಲ್ಲ ಖಾಲಿ ಹೊಟ್ಟೆಯವರು. ಚಹಾ ಕುಡಿಯದ ಮನುಷ್ಯರ ಜೊತೆ ವಾದಕ್ಕೆ ಇಳಿಯಬಾರದು. ಆ ಸೋಮವಾರ ನಾನು ಇಳಿದೆ.

ಟೋಕನ್ ಹನ್ನೆರಡರವನು ಸರತಿ ದಾಟಿ ಬಂದು ಮೇಜು ಗುದ್ದಿದ. "ಮೇರಾ ಫಾಸ್ಟ್ ಛೂಟ್ ಜಾಯೇಗಾ!" ಅವನ ಫಾಸ್ಟ್ ಲೋಕಲ್ ರೈಲು ತಪ್ಪಿದರೆ ನಾನೇನು ಮಾಡಲಿ? ಅದನ್ನೇ ಅವನಿಗಿಂತ ಎರಡು ಪಟ್ಟು ಜೋರಾಗಿ ಹೇಳಿದೆ. ಅವನು ಗೊಣಗುತ್ತಾ ಹೋಗಿ ಕುಳಿತ. ನನ್ನ ಕೈ ಗಡಗಡ ನಡುಗುತ್ತಿತ್ತು.

ನನ್ನೆದುರು ಟೋಕನ್ ಹನ್ನೊಂದು, ವಿಜಯಪುರದ ಕಡೆಯ ಅಜ್ಜಿ. ಕಣ್ಣಿನ ಪೊರೆಯ ಆಪರೇಶನ್ನಿಗೆ ಮೊದಲು ರಕ್ತಪರೀಕ್ಷೆ ಆಗಬೇಕಿತ್ತು. ನರ ನೂಲಿನಂತೆ ಸಣ್ಣ.

"ಬ್ಯಾರೆ ಕಡೆ ಎರಡ ಸಲ ಚುಚ್ಚ್ಯಾರವ್ವಾ, ರಕ್ತ ಬರಲಿಲ್ಲ. ಇನ್ನೊಮ್ಮಿ ತಪ್ಪಿತಂದ್ರ ನಾ ಎದ್ದು ಹೊಂಟೆ. ಕಣ್ಣೂ ಬ್ಯಾಡ, ಆಪರೇಶನ್ನೂ ಬ್ಯಾಡ."

ನಡುಗುವ ಈ ಕೈಯಲ್ಲಿ ಚುಚ್ಚಿದರೆ ತಪ್ಪುವುದೇ. ನಿಜಕ್ಕೂ ಹೆದರಿದೆ. "ಎರಡೇ ನಿಮಿಷ ಅಜ್ಜಿ, ಆಯ್ತಾ?" ಎಂದು ಮೂಲೆಯ ಸಿಂಕಿಗೆ ಹೋಗಿ ಜೋರುಜೋರಾಗಿ ಉಸಿರೆಳೆದೆ. ಶಾಂತವಾಗುವುದಿರಲಿ, ತಲೆ ತಿರುಗಿ ಬೆರಳ ತುದಿ ಜುಮ್ಮೆಂದಿತು.

ಲ್ಯಾಬಿನ ಹಿರಿಯ ಸಹಾಯಕಿ, ನಾವೆಲ್ಲ ಮೌಶಿ ಎಂದು ಕರೆಯುವ ಮರಾಠಿ ಹೆಂಗಸು, ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ ನೋಡುತ್ತಿದ್ದರು. "ಅಗಂ, ಘೇತೇಸ್ ಕಿತಿ! ಆಧಿ ಸೋಡ್ ನಾ!" ಎಳೆದುಕೊಳ್ಳುತ್ತಲೇ ಇದ್ದೀಯಲ್ಲ, ಮೊದಲು ಬಿಡು ಎಂದು ಬೈಗುಳ. ನಲ್ಲಿಯ ತಣ್ಣೀರಿನ ಕೆಳಗೆ ನನ್ನ ಮಣಿಕಟ್ಟು ಹಿಡಿದರು, ಭುಜ ಒತ್ತಿ ಕೆಳಗಿಳಿಸಿದರು. ಉಸಿರಾಟವನ್ನು ಅವರೇ ಎಣಿಸಿ ಹೇಳಿಕೊಟ್ಟರು: ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಮೆಲ್ಲಗೆ ಒಳಗೆ. ಆರು ಎಣಿಸುವಷ್ಟು ಹೊತ್ತು, ಬಿಸಿ ಚಹಾ ಆರಿಸುವ ಹಾಗೆ, ಬಾಯಿಂದ ಹೊರಗೆ. ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ. ಮೊದಲ ಮೂರು ಸಲ ಮೇಜು ಗುದ್ದಿದವನ ಮುಖವೇ ಕಣ್ಣ ಮುಂದೆ ಬಂತು. ಆರನೆಯದಕ್ಕೆ ಎದೆಬಡಿತ ಇಳಿಯಿತು. ಎಂಟನೆಯದಕ್ಕೆ ಕೈ ನನ್ನ ಮಾತು ಕೇಳಿತು.

ಕೈ ತೊಳೆದು ಗ್ಲೌಸ್ ಹಾಕಿ ತಿರುಗಿದರೆ ಅಜ್ಜಿಯೂ ಕಣ್ಣು ಮುಚ್ಚಿ ಊದುತ್ತಿದ್ದರು! ನನ್ನನ್ನು ನೋಡಿ ಕಲಿತಿದ್ದರು. ನಾನು ಅವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದೆ, ಬೆರಳಿಂದ ನರ ಹುಡುಕಿದೆ, ಸ್ಪಿರಿಟ್ ಒರೆಸಿ ಆರಲು ಬಿಟ್ಟೆ. ಅವರು ಉಸಿರು ಬಿಡುವಾಗ ಚುಚ್ಚಿದೆ. ಟ್ಯೂಬಿಗೆ ರಕ್ತ ಬಂತು. ನನಗಾದ ಖುಷಿ ಹೇಳತೀರದು.

"ಮುಗೀತು ಅಜ್ಜಿ."

ಅವರು ಒಂದು ಕಣ್ಣು ತೆರೆದರು. "ಮುಗೀತಾ? ನಾ ಇನ್ನೂ ಊದಾಕತ್ತೀನಲ್ಲ!"

ಕಾಯುತ್ತಿದ್ದವರೆಲ್ಲ ನಕ್ಕರು, ಟೋಕನ್ ಹನ್ನೆರಡರವನ ಹೊರತು. ಅಜ್ಜಿ ಹತ್ತಿ ಒತ್ತಿಕೊಂಡೇ ಅವನೆದುರು ನಿಂತರು. "ಯಪ್ಪಾ, ನೀನೂ ಊದು," ಎಂದು ಕೆನ್ನೆ ಉಬ್ಬಿಸಿ ತೋರಿಸಿದರು. ಕನ್ನಡ ಬಾರದ ಅವನು ನನ್ನ ಕಡೆ ನೋಡಿದ. ನಾನೂ ಕೆನ್ನೆ ಉಬ್ಬಿಸಿದೆ. ತಡೆಯಲಾರದೆ ನಕ್ಕುಬಿಟ್ಟ, ಬಂದು ಕುಳಿತು, ಮೇಜು ಗುದ್ದಿದ ಅದೇ ಕೈಯನ್ನು ನನ್ನ ಮುಂದೆ ಚಾಚಿದ.