ಸವೆದ ಗಿಯರಿನ ಅಳತೆ

ತೊಂಬತ್ತರ ದಶಕದ ಕೊನೆಗೆ ಪಾಂಡವಪುರದ ವರ್ಕ್‌ಶಾಪೊಂದರಲ್ಲಿ ನಾನು ಕಂಪ್ಯೂಟರಿನಲ್ಲಿ ಬಿಡಿಭಾಗಗಳ ಮಾದರಿ ಮಾಡುತ್ತಿದ್ದೆ. ಬೂಕನಕೆರೆ ಕಡೆಯ ಹಾಲು ತಂಪುಮಾಡುವ ಕೇಂದ್ರದ ಮೇಲ್ವಿಚಾರಕರು ಬಿರುಕು ಬಿಟ್ಟ ಗಿಯರೊಂದನ್ನು ತಂದರು. ಟ್ಯಾಂಕಿನ ಹಾಲು ಸಮವಾಗಿ ತಂಪಾಗಲೆಂದು ಅದನ್ನು ಕಲಕುವ ಯಂತ್ರದ್ದು. ತಯಾರಿಸಿದ ಕಂಪನಿ ಮುಚ್ಚಿತ್ತು.

"ಎಲ್ಲೂ ಸಿಗ್ತಿಲ್ಲ ಕಣಣ್ಣ. ಆಲು ಕೆಡ್ತಾ ಅದೆ, ಎಂಗಾದ್ರೂ ಮಾಡ್ಕೊಡಿ," ಎಂದರು.

ವರ್ನಿಯರ್ ಮಾಪಕ ಹಿಡಿದು ಅಳೆದೆ. ಇಪ್ಪತ್ತೆಂಟು ಹಲ್ಲು, ಹೊರವ್ಯಾಸ ಎಪ್ಪತ್ನಾಲ್ಕು ಮಿಲಿಮೀಟರು ಚಿಲ್ಲರೆ. ಆ ಲೆಕ್ಕಕ್ಕೆ ಬಂದ ಹಲ್ಲಿನ ಗಾತ್ರ ಹಲ್ಲು ಕೊರೆಯುವ ಯಾವ ಕಟರಿಗೂ ಹೊಂದಲಿಲ್ಲ. ತುದಿಗಳು ಸವೆದಿದ್ದವು. ಎಷ್ಟು ಸವೆದಿವೆಯೆಂದು ಹೇಗೆ ತಿಳಿಯಲಿ? ಊಹೆ ತಪ್ಪಿದರೆ ಹೊಸ ಗಿಯರು ಕೂರುವುದೇ ಇಲ್ಲ.

"ಇದರ ಜೊತೆ ತಿರುಗೋ ಗಿಯರು ಎಲ್ಲಿ?"

"ಅದು ಮಿಷಿನಲ್ಲೇ ಅದೆ."

ಅವರ ಸ್ಕೂಟರಿನಲ್ಲೇ ಹೋದೆವು. ಕೇಂದ್ರದ ಹೊರಗೇ ಹುಳಿ ವಾಸನೆ. ಒಳಗಿದ್ದ ಗಿಯರು ಅಷ್ಟು ಸವೆದಿರಲಿಲ್ಲ. ಜೊತೆಗೆ ತಿರುಗುವ ಎರಡರ ಹಲ್ಲೂ ಒಂದೇ ಗಾತ್ರದ್ದಿರಬೇಕು; ಅದರ ಅಳತೆಯಿಂದ ಆ ಗಾತ್ರ ಕಟರಿನ ಲೆಕ್ಕದಲ್ಲಿ ಎರಡೂವರೆ ಎಂದು ಸ್ಪಷ್ಟವಾಯಿತು. ಬಿರುಕು ಬಿಟ್ಟ ಗಿಯರಿನ ನಡುವಿನ ರಂಧ್ರವೂ ಸವೆದಿದ್ದರಿಂದ ಅದು ಕೂರುವ ಶಾಫ್ಟನ್ನೇ ಅಳೆದೆ.

ಹಿಂತಿರುಗಿ ಕಂಪ್ಯೂಟರಿನಲ್ಲಿದ್ದ ಗಿಯರಿನ ಮಾದರಿಯಲ್ಲಿ ಆ ಎರಡು ಸಂಖ್ಯೆ ಬದಲಿಸಿದೆ. ತೆರೆಯ ಮೇಲೆ ಇಡೀ ಗಿಯರು ತಾನೇ ಹೊಸದಾಗಿ ರೂಪುಗೊಂಡಿತು. ಮರುದಿನ ಕಟರಿನಲ್ಲಿ ಕೊರೆದ ಹೊಸ ಗಿಯರು ಯಂತ್ರದಲ್ಲಿ ಸರಿಯಾಗಿ ಕೂತು ಕಲಕುವ ರೆಕ್ಕೆ ತಿರುಗಿತು. ಅಷ್ಟರಲ್ಲಿ ಹಿಂದಿನ ದಿನದ ಹಾಲೆಲ್ಲ ಚರಂಡಿ ಪಾಲಾಗಿತ್ತು. ಮೇಲ್ವಿಚಾರಕರು ನಗಲಿಲ್ಲ. ಟ್ಯಾಂಕಿಗೆ ಒರಗಿ ನೆಲದ ಮೇಲೆ ಕೂತು, ಚೆಲ್ಲಿದ ಹಾಲಿನ ಲೆಕ್ಕ ಬರೆಯತೊಡಗಿದರು.