ಕತ್ತಿ ಒದರಿದ ಮೂರನೆಯ ತರಗತಿ

ನೀಲಗಂಗಾ ಟೀಚರನ್ನು ನಾನು ಮೊದಲು ಕಂಡದ್ದು ಮಹಾರಾಷ್ಟ್ರದ ಗಡಿಯೂರು ವಾಗದರಿಯ ಕನ್ನಡ ಶಾಲೆಯಲ್ಲಿ. ಕನ್ನಡ ಮಾಸ್ತರಿಕೆಯಿಂದ ನಿವೃತ್ತನಾಗಿ ಅಕ್ಕಲಕೋಟೆಯಲ್ಲಿದ್ದ ನನ್ನನ್ನು ಫೋನು ಮಾಡಿ ಕರೆಸಿಕೊಂಡಿದ್ದಳು.

"ಬರ್ರಿ ಸರ. ಮೂರನೇತ್ತೆ ಹುಡುಗ್ರಿಗಿ ಅಕ್ಷರ ಎಲ್ಲಾ ಬರ್ತಾವ. ಓದಾಕ ಕುಂತ್ರ ಮಾತ್ರ ಗಾಡಿ ರಾಡ್ಯಾಗ ಸಿಕ್ಕಂಗ. ಅದಕ್ಕ ಕ್ರಿಯಾ ಸಂಶೋಧನಿ ಯೋಜನಿ ಮಾಡೀನಿ, ತೊಡಕು ಎಲ್ಲೈತಿ ಅಂತ ನಾವs ಹುಡುಕಿ ನಾವs ತಿದ್ದೋದು. ಇವತ್ತು ಮೊದಲನೇ ಪರೀಕ್ಷಾ. ನೀವು ತಪ್ಪು ಗುರ್ತು ಹಾಕ್ರಿ" ಎಂದು ತರಗತಿಯೊಳಗೆ ಕರೆದೊಯ್ದಳು.

ಆಗಲೇ ಬಾಗಿಲಲ್ಲಿ ಸಾತವ್ವ ನಿಂತಿದ್ದಳು. ಸೊಲ್ಲಾಪುರದ ಟವೆಲ್ ಕಾರ್ಖಾನೆಗೆ ಹೋಗುವ ಹೆಂಗಸು, ಆ ತರಗತಿಯ ಪ್ರಣಿತಾಳ ತಾಯಿ.

"ದೀಪಾವಳಿ ಸೂಟಿತನಕ ನೋಡತೀನ್ರಿ ಟೀಚರ. ಆಗೂ ಓದ್ಲಿಲ್ಲಂದ್ರ ನಮ್ಮ ಹುಡುಗೀನ ಮರಾಠಿ ಸಾಲಿಗಿ ಹಾಕತೀನಿ" ಎಂದು ಹೇಳಿ ಬಸ್ಸಿಗೆ ಓಡಿದಳು.

ಮಕ್ಕಳು ಒಬ್ಬೊಬ್ಬರಾಗಿ ಬಂದು, ಹಿಂದೆಂದೂ ನೋಡದ ಪಾಠವನ್ನು ಒಂದು ನಿಮಿಷ ಓದಬೇಕು. ಸರಿಯಾಗಿ ಓದಿದ ಪದಗಳಷ್ಟೇ ಲೆಕ್ಕ. ಟೀಚರ್ ಎಲ್ಲವನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಳು.

ಪ್ರಣಿತಾ ಓದಿದಳು: "ಅಗಸನ ಕತ್ತಿ ಒದರಿತು."

ನನ್ನ ವ್ಯಾಕರಣ ಸುಮ್ಮನಿರಲಿಲ್ಲ. "ಕತ್ತೆ ಅನ್ನವ್ವಾ. ಕತ್ತಿ ಅಂದ್ರ ಖಡ್ಗ" ಎಂದೆ.

"ನಮ್ಮೂರಾಗ ಕತ್ತೀನೇ ಒದರತೈತ್ರಿ ಸರ" ಎಂದು ಹಿಂದಿನಿಂದ ಪಪ್ಪು ಕೂಗಿದ. ತರಗತಿಯೆಲ್ಲ ನಕ್ಕಿತು. ಪ್ರಣಿತಾ ನಗಲಿಲ್ಲ. ಅಲ್ಲಿಂದ ಮುಂದೆ ಊರಿನ ಬಾಯಲ್ಲಿ 'ಮನಿ', 'ಕುದುರಿ' ಆಗುವ 'ಮನೆ', 'ಕುದುರೆ' ಬಂದಾಗಲೆಲ್ಲ ನಿಂತು ನನ್ನ ಮುಖ ನೋಡತೊಡಗಿದಳು.

ನೀಲಗಂಗಾ ಎದ್ದೇ ನಿಂತಳು. "ಸಿಕ್ತು ಸರ, ಸಿಕ್ತು! ಅಕ್ಷರಕ್ಕ ನಿಂದರಂಗಿಲ್ಲ ಇವರು, ನಮ್ಮ ತಿದ್ದಾಟಕ್ಕ ನಿಂದರ್ತಾರ. ನಾನೂ ದಿನಾ ಇದನ್ನ ಮಾಡಾಕತ್ತೀನಿ!"

ಅಂದೇ ಯೋಜನೆ ಬದಲಾಯಿತು. ಅರ್ಥ ತಿಳಿದು ಮನೆಮಾತಿನಂತೆ ಓದಿದರೆ ಅದು ತಪ್ಪಲ್ಲ. 'ಕತ್ತೆ' ಎಂದು ಬರೆಯುವುದನ್ನು ಬರವಣಿಗೆಯ ಪಾಠದಲ್ಲಿ ಕಲಿಸುವುದು. ಓದುವಾಗ ನಡುವೆ ತಡೆಯಬಾರದು. ದಿನವೂ ಟೀಚರ್ ಒಮ್ಮೆ ಓದಿ ತೋರಿಸಬೇಕು. ಬಳಿಕ ಇಬ್ಬಿಬ್ಬರು ಜೋಡಿಯಾಗಿ ಅದೇ ಚಿಕ್ಕ ಪಾಠವನ್ನು ಮತ್ತೆ ಮತ್ತೆ ಓದಬೇಕು.

"ನಿಯಮ ಸಡಿಲಿಸಿದರೆ ಅಂಕ ತಾನೇ ಏರುತ್ತದಲ್ಲವೇ?" ಎಂದು ನಾನು ಕೊಂಕು ತೆಗೆದೆ.

"ಅದಕ್ಕs ಮೊದಲಿನ ಧ್ವನಿನೂ ಹೊಸ ನಿಯಮದಾಗ ಮತ್ತೊಮ್ಮೆ ಎಣಿಸೋಣ್ರಿ" ಎಂದಳು. ನಾನು ಗುರುತು ಹಾಕಿದ್ದ ಹಾಳೆ ಬದಿಗಿಟ್ಟು ಮೊದಲಿನಿಂದ ಎಣಿಸತೊಡಗಿದೆ.

ದೀಪಾವಳಿಗೆ ಮುಂಚೆ ಅಷ್ಟೇ ಕಠಿಣತೆಯ ಮತ್ತೊಂದು ಹೊಸ ಪಾಠ ಕೊಟ್ಟೆವು. ಸಾತವ್ವ ರಜೆ ಹಾಕಿ ಬಂದು ಗೋಡೆಗೆ ಒರಗಿದ್ದಳು. ನರಿ ಬಾವಿಗೆ ಬಿದ್ದ ಕಥೆ. ಪ್ರಣಿತಾ ಎಲ್ಲೂ ತಡವರಿಸದೆ ಓದುತ್ತ ಹೋದಳು. ನಿಮಿಷ ಮುಗಿದು ಟೀಚರ್ ನಿಲ್ಲಿಸಿದಾಗ ಸಾತವ್ವ ರೇಗಿದಳು: "ಯಾಕ ನಿಂದರಿಸಿದ್ರಿ? ಆ ನರಿ ಮ್ಯಾಲ ಬಂತೋ ಇಲ್ಲೋ?"

ಮುಂದಿನದನ್ನೂ ಮಗಳೇ ಓದಿ ಹೇಳಿದಳು. ಮರಾಠಿ ಶಾಲೆಯ ಮಾತು ಮತ್ತೆ ಬರಲಿಲ್ಲ.

ಈಗ ನೀಲಗಂಗಾ ಸಂಶೋಧನೆಯ ಎರಡನೆಯ ಸುತ್ತಿನಲ್ಲಿದ್ದಾಳೆ. ಮಕ್ಕಳು ಪೂರ್ಣವಿರಾಮಕ್ಕೂ ನಿಲ್ಲದೆ ಓಡತೊಡಗಿದ್ದಾರೆ. ವೇಗವೊಂದೇ ಓದಲ್ಲವೆಂದು, ಅದೇ ತರಗತಿಯಲ್ಲಿ ಪಾಠಗಳನ್ನು ಪಾತ್ರ ಹಂಚಿ ಓದಿಸುತ್ತಿದ್ದಾಳೆ. ನಿನ್ನೆ ಹೋದಾಗ ಪಪ್ಪು ಪಾಠದ ಮುದುಕಿಯಾಗಿ ಸಂತೆಯಲ್ಲಿ ಜಗಳವಾಡುತ್ತಿದ್ದ. ಟೀಚರೇ ಅವನಿಗೆ ಬದನೆಕಾಯಿ ಮಾರುತ್ತಿದ್ದಳು.