ಸೈಗಾನಿನಿಂದ ಬಂದ ಅಧಿಕಾರ ಪತ್ರ

ಚಿಕ್ಕಬಳ್ಳಾಪುರದಲ್ಲಿ ನಾನಾಗ ಹೊಸ ವಕೀಲ. ಕೋಟು ಹಳೇದು, ಗತ್ತು ಮಾತ್ರ ಹೊಸದು. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮುಸಲ್ಮಾನ ಮನೆತನದ ಸೊಸೆಯೊಬ್ಬಳು ನನ್ನಲ್ಲಿಗೆ ಬಂದಳು. ಗಂಡನದು ಸೈಗಾನಿನಲ್ಲಿ ಬಟ್ಟೆ ಅಂಗಡಿ. ಈಕೆಯೂ ಅಲ್ಲಿಯವಳೇ, ವಿಯೆಟ್ನಾಂ ಹೆಣ್ಣು. ಮಕ್ಕಳನ್ನು ಕರೆದುಕೊಂಡು ಅತ್ತೆಮನೆಗೆ ಬಂದು, ವಾರಗಿತ್ತಿಯರ ನಡುವೆ ಏಗಿ ಏಗಿ ಸಾಕಾಗಿದ್ದಳು. ಮೇಲೂರಿನ ಬಳಿ ಗಂಡನ ಹೆಸರಿನಲ್ಲಿದ್ದ ಹಿಪ್ಪುನೇರಳೆ ತೋಟ ಮಾರಿ, ಊರಲ್ಲಿ ಮಾರಾಟಕ್ಕಿದ್ದ ಒಂದು ಹೆಂಚಿನ ಮನೆ ಕೊಳ್ಳಬೇಕೆಂದು ಆಕೆಯ ಆಸೆ. ಆ ಮನೆ ಮಾರುವವನು ಹೆಚ್ಚು ದಿನ ಕಾಯುವವನಲ್ಲ.

ಗಂಡ ಕಳಿಸಿದ್ದ ಅಧಿಕಾರ ಪತ್ರ ವಿಯೆಟ್ನಾಂ ಭಾಷೆಯಲ್ಲಿತ್ತು. ಜೊತೆಗೆ ಮದರಾಸಿನಲ್ಲಿ ಯಾರೋ ಮಾಡಿಕೊಟ್ಟ ಇಂಗ್ಲಿಷ್ ಅನುವಾದ. ಅದರಲ್ಲಿ 'ತೋಟದ ಬಗ್ಗೆ ಹೆಂಡತಿಗೆ ಪೂರ್ಣ ಅಧಿಕಾರ' ಎಂದಿತ್ತು. ಕೆಳಗೆ ಮೂವರು ಸಾಕ್ಷಿಗಳು. ನಾನು ಖುಷಿಯಾಗಿ ಕ್ರಯಪತ್ರದ ಕರಡು ಬರೆಯಲು ಕೂತೆ.

"ಸಾಬ್, ಹಂಗಲ್ಲ ಇರೋದು" ಎಂದಳು, ತನ್ನ ಅರ್ಧ ಉರ್ದು ಅರ್ಧ ಕನ್ನಡದಲ್ಲಿ. ಮೂಲಪತ್ರದ ಮೇಲೆ ಬೆರಳಿಟ್ಟಳು. "ಇದು ತ್ವಾನ್ ಕ್ವೆನ್, ಪೂರಾ ಅಧಿಕಾರ, ಸರಿ. ಆದ್ರೆ ಮುಂದೆ ಏನಕ್ಕೆ ಅಂತ ಐತೆ. ನೋಡ್ಕೊಳ್ಳಾಕೆ. ಮಾರೋದಕ್ಕೆ ಬಾನ್ ಅಂತೀವಿ, ಅದು ಎಲ್ಲೂ ಇಲ್ಲ."

ಅನುವಾದಕ ಆ 'ನೋಡಿಕೊಳ್ಳಲು' ಅನ್ನುವುದನ್ನೇ ನುಂಗಿ ನೀರು ಕುಡಿದಿದ್ದ. ಮೂರನೆಯ ಸಾಕ್ಷಿಯೂ ಸಾಕ್ಷಿಯಲ್ಲವಂತೆ. ಅಲ್ಲಿನ ವಾರ್ಡಿನ ಅಧಿಕಾರಿ. ಸಹಿ ಇಂಥವರದೇ ಎಂದಷ್ಟೇ ದೃಢೀಕರಿಸಿ ಮೊಹರು ಒತ್ತಿದ್ದ. ನಮ್ಮ ಕಾಯಿದೆಗೆ ಅದು ಸಾಲದು. ಪರದೇಶದಲ್ಲಿ ಬರೆದುಕೊಟ್ಟ ಇಂಥ ಪತ್ರಕ್ಕೆ ನ್ಯಾಯಾಧೀಶನೋ ನೋಟರಿಯೋ ಅಲ್ಲಿರುವ ನಮ್ಮ ಸರ್ಕಾರದ ಕಾನ್ಸಲರೋ ಎದುರಿಗಿದ್ದು ಸಹಿ ಹಾಕಿಸಿ ದೃಢೀಕರಿಸಬೇಕು.

ನನಗೆ ರೇಗಿತು. ಅವಳ ಮೇಲಲ್ಲ, ಮದರಾಸಿನವನ ಮೇಲೆ. ಆಮೇಲೆ ಬೆರಗಾಯಿತು. ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಆ ಭಾಷೆ ಓದಬಲ್ಲವಳು ಅವಳೊಬ್ಬಳೇ.

"ಅಲ್ಲಮ್ಮಾ, ಮಾರೋ ಮಾತಿಲ್ಲ ಅಂತ ನೀನೇ ಯಾಕೆ ಹೇಳಿದೆ? ಇಲ್ಲಿ ಅದನ್ನ ಓದೋರು ಯಾರಿದ್ರು?"

"ನಮ್ಮೋರು ಓದ್ತಾರಲ್ಲ, ಸಾಬ್. ಬರೆದೋರು."

ಕರಡನ್ನು ಮಡಿಸಿ ಪಕ್ಕಕ್ಕಿಟ್ಟೆ. ಸೈಗಾನಿಗೆ ಹೊಸ ಕಾಗದ ಕೇಳಿ ಬರೆದೆವು. ಅಷ್ಟರಲ್ಲಿ ಹೆಂಚಿನ ಮನೆ ಬೇರೆಯವರ ಪಾಲಾಯಿತು. ಅವಳು ಅತ್ತಳೋ ಇಲ್ಲವೋ ತಿಳಿಯದು.

ಹೊಸ ಪತ್ರ ಬಂತು. ಭಾರತದ ಕಾನ್ಸಲರ ಎದುರು ಹಾಕಿದ ಸಹಿ, ಅವರ ಮೊಹರು, ಎಲ್ಲ ಸರಿಯಾಗಿತ್ತು. ನನ್ನ ಮೇಜಿನ ಮುಂದೆ ಕೂತು ಒಂದೊಂದೇ ಸಾಲು ಓದಿ ಅರ್ಥ ಹೇಳಿದಳು. ತೋಟ ಮಾರಬಹುದು. ಹಣ ಪಡೆಯಬಹುದು. ಅದರಲ್ಲಿ ಯಾವುದಾದರೂ ಮನೆ ಕೊಳ್ಳಬಹುದು. ಮುಂದಿನ ಸಾಲಿಗೆ ಬಂದು ನಿಂತುಬಿಟ್ಟಳು.

"ಏನಮ್ಮಾ, ಮತ್ತೇನಾದರೂ ಬಿಟ್ಟಿದ್ದಾರಾ?"

ಸೆರಗಿನಿಂದ ಮುಖ ಒರೆಸಿಕೊಂಡಳು.

"ಮನೆ ನನ್ನ ಹೆಸರಿಗೇ ಬರೆಸ್ಬೇಕಂತೆ, ಸಾಬ್. ನಾನು ಕೇಳಿರ್ಲಿಲ್ಲ."